ಮೂವತ್ತಾರರಲ್ಲಿ ಕಳೆಯೋದು ಯಾಕೆ? ಪಿನಾಕಲ್, ಚಾಲೆಂಜ್ ಲೆಕ್ಕದ ಹಿಂದಿನ ಕಥೆ

ಈ ಸಲದ ವಿಷಯ ನಾನು ಹುಡುಕಿಕೊಂಡು ಹೋದದ್ದಲ್ಲ, ವಾಟ್ಸಾಪ್‌ನಲ್ಲಿ ತಾನಾಗೇ ಬಂದದ್ದು. ಧಾರವಾಡದಲ್ಲಿರೋ ನಮ್ಮಕ್ಕ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ನೌಕರಿ ಬಿಟ್ಟು ಮನೆಯಲ್ಲೇ ಟ್ಯೂಷನ್ ಕ್ಲಾಸ್ ಶುರು ಮಾಡಬೇಕು ಅಂತ ಎರಡು ವರ್ಷದಿಂದ ಯೋಚನೆ ಮಾಡ್ತಿದ್ದಾಳೆ. ಯಾರೋ ಹೇಳಿದರು ಅಂತ ದುಡ್ಡು ಕೊಟ್ಟು ಒಂದು ಸಂಖ್ಯಾಶಾಸ್ತ್ರದ ವರದಿ ತರಿಸಿಕೊಂಡು, ಅದರ ಪಿಡಿಎಫ್ ನನಗೆ ಕಳಿಸಿದಳು. ಹಿಂದೆಯೇ ಫೋನೂ ಬಂತು. "ತಮ್ಮಾ, ಇದರಾಗ 2027ರ ತನಕ ನೌಕರಿ ಬಿಡಬ್ಯಾಡ್ರಿ ಅಂತ ಬರದಾರ. ನೀ ಏನಂತಿ?"

ವರದಿ ನೋಡಿದೆ. ಅವಳ ಬದುಕನ್ನ ನಾಲ್ಕು ಭಾಗ ಮಾಡಿದ್ದರು. ಒಂದೊಂದು ಭಾಗಕ್ಕೂ ಒಂದು ಪಿನಾಕಲ್, ಅಂದರೆ ಶಿಖರ. ಅದರ ಪಕ್ಕದಲ್ಲೇ ಒಂದು ಚಾಲೆಂಜ್, ಅಂದರೆ ಸವಾಲು. ಅವಳು ಈಗ ಎರಡನೇ ಶಿಖರದಲ್ಲಿದ್ದಾಳಂತೆ, ಅದರ ಸಂಖ್ಯೆ 7. ಏಳು ಅಂದರೆ ಏಕಾಂತ, ಓದು, ಒಳನೋಟ; ವ್ಯಾಪಾರಕ್ಕೆ ಸಲ್ಲದ ಕಾಲ. 2028ರಿಂದ 5ರ ಶಿಖರ ಶುರುವಾಗುತ್ತೆ, ಐದು ಅಂದರೆ ಬದಲಾವಣೆ, ಅಲ್ಲಿಯವರೆಗೆ ಕಾಯಿರಿ. ಮೇಲ್ಗಡೆ ದಪ್ಪಕ್ಷರದಲ್ಲಿ "2500 ವರ್ಷ ಹಳೆಯ ಪೈಥಾಗೊರಸ್ ಪದ್ಧತಿ" ಅಂತ ಬೇರೆ.

ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ "ಇದೆಲ್ಲಾ ಸುಳ್ಳು ಬಿಡಕ್ಕಾ" ಅಂದರೆ ಅವಳ ಪ್ರಶ್ನೆಗೆ ಉತ್ತರ ಕೊಟ್ಟಂಗೆ ಆಗಲ್ಲ. ಅವಳೂ ಗಣಿತದ ಟೀಚರ್. ಹಾಗಾಗಿ ಲೆಕ್ಕವನ್ನೇ ಬಿಚ್ಚಿ ನೋಡೋಣ ಅಂತ ಕೂತೆ. ಹಳೇ ಕೋಡ್ ಕೈಗೆ ಬಂದಾಗ ನಾವು ಮಾಡೋದೂ ಅದೇ ಅಲ್ವಾ, ಯಾವ ಸಾಲು ಯಾವಾಗ ಬಂತು, ಯಾಕೆ ಬಂತು ಅಂತ ಹುಡುಕೋದು.

ಲೆಕ್ಕ ತಿಳಿಯೋಕೆ ಒಂದು ಹುಟ್ಟಿದ ತಾರೀಖು ಬೇಕು. ನಾನು ಇರೋದು ಪುಣೆಯಲ್ಲಿ. ಭಾನುವಾರ ಖಡಕ್‌ವಾಸ್ಲಾ ಕಡೆ ಹೋದಾಗಲೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾಗ್ತಾರೆ, ಅವರ ಸ್ವಯಂಚಾಲಿತ ಗೇಟುಗಳನ್ನ 1903ರಲ್ಲಿ ಮೊದಲು ಅಳವಡಿಸಿದ್ದು ಅಲ್ಲೇ. ಅವರನ್ನೇ ತಗೊಳ್ಳೋಣ. ಇನ್ನೊಂದು ಕಾರಣವೂ ಇದೆ. ಅವರ ಹುಟ್ಟಿದ ದಿನ ಸೆಪ್ಟೆಂಬರ್ 15 ಅನ್ನೋದರಲ್ಲಿ ಜಗಳವಿಲ್ಲ, ಆದರೆ ವರ್ಷ ಕೆಲವು ಕಡೆ 1860 ಅಂತಲೂ ಕೆಲವು ಕಡೆ 1861 ಅಂತಲೂ ಇರುತ್ತೆ. ಜನ್ಮಶತಮಾನೋತ್ಸವ ನಡೆದದ್ದು 1960ರಲ್ಲಿ, ಹಾಗಾಗಿ ಮೊದಲು 1860 ಇಟ್ಟುಕೊಳ್ಳೋಣ. ಆ ಒಂದು ವರ್ಷದ ವ್ಯತ್ಯಾಸ ಆಮೇಲೆ ನಮಗೆ ತುಂಬಾ ಉಪಯೋಗಕ್ಕೆ ಬರುತ್ತೆ.

ಮೊದಲ ಹೆಜ್ಜೆ: ತಿಂಗಳು, ದಿನ, ವರ್ಷ ಮೂರನ್ನೂ ಬೇರೆ ಬೇರೆಯಾಗಿ ಒಂದಂಕಿಗೆ ಇಳಿಸಬೇಕು. ಸೆಪ್ಟೆಂಬರ್ 9. ಹದಿನೈದು, ಒಂದು ಕೂಡಿಸು ಐದು, 6. 1860ರ ಅಂಕಿಗಳನ್ನ ಕೂಡಿದರೆ 15, ಮತ್ತೆ ಕೂಡಿದರೆ 6. ಮೂರನ್ನೂ ಸೇರಿಸಿದರೆ 21, ಅಂದರೆ 3. ಇದಕ್ಕೆ ಲೈಫ್ ಪಾತ್ ಅಂತಾರೆ, ನಮ್ಮ ಕಡೆ ಭಾಗ್ಯಾಂಕ ಅನ್ನೋರೂ ಇದ್ದಾರೆ.

ಶಿಖರಗಳು ಕೂಡುವ ಲೆಕ್ಕ. ಮೊದಲನೇದು ತಿಂಗಳು ಮತ್ತು ದಿನ: 9+6, ಹದಿನೈದು, 6. ಎರಡನೇದು ದಿನ ಮತ್ತು ವರ್ಷ: 6+6, ಹನ್ನೆರಡು, 3. ಮೂರನೇದು ಈ ಎರಡು ಶಿಖರಗಳ ಮೊತ್ತ: 6+3, 9. ನಾಲ್ಕನೇದು ತಿಂಗಳು ಮತ್ತು ವರ್ಷ: 9+6, ಮತ್ತೆ 6. ಸವಾಲುಗಳಿಗೆ ಅದೇ ಜೋಡಿಗಳು, ಕೂಡುವ ಬದಲು ಕಳೆಯೋದು; ದೊಡ್ಡದರಿಂದ ಚಿಕ್ಕದನ್ನ. ತಿಂಗಳು-ದಿನ 3, ದಿನ-ವರ್ಷ 0, ಆ ಎರಡು ಸವಾಲುಗಳ ವ್ಯತ್ಯಾಸ 3, ತಿಂಗಳು-ವರ್ಷ 3.

ಇನ್ನು ಕಾಲ. ಮೂವತ್ತಾರರಲ್ಲಿ ಲೈಫ್ ಪಾತ್ ಕಳೆದರೆ ಬರೋ ವಯಸ್ಸಿಗೆ ಮೊದಲ ಶಿಖರ ಮುಗಿಯುತ್ತೆ. ಇಲ್ಲಿ 36−3, ಮೂವತ್ತಮೂರು. ಎರಡನೇದು ಒಂಬತ್ತು ವರ್ಷ, ಮೂರನೇದು ಒಂಬತ್ತು ವರ್ಷ, ನಾಲ್ಕನೇದು ಉಳಿದ ಬದುಕೆಲ್ಲ. ಪ್ರತಿ ಶಿಖರದ ಜೊತೆಗೆ ಅದೇ ಕ್ರಮಾಂಕದ ಸವಾಲು ಓಡುತ್ತೆ. ಎಲ್ಲಾ ಸೇರಿ ಇಷ್ಟೇ ಕೋಡ್:

```python
def dr(n): return 1 + (n - 1) % 9

m, d, y = dr(9), dr(15), dr(1860)
life = dr(m + d + y)
p1, p2 = dr(m + d), dr(d + y)
p3, p4 = dr(p1 + p2), dr(m + y)
c1, c2 = abs(m - d), abs(d - y)
c3, c4 = abs(c1 - c2), abs(m - y)
end1 = 36 - life
```

ಮೊದಲ ಸಾಲು ನೋಡಿ. ಅಂಕಿಗಳನ್ನ ಮತ್ತೆ ಮತ್ತೆ ಕೂಡೋದು ಅಂದರೆ ಒಂಬತ್ತರಿಂದ ಭಾಗಿಸಿದಾಗ ಉಳಿಯೋ ಶೇಷ, ಅಷ್ಟೇ. ಶೇಷ ಸೊನ್ನೆ ಬಂದರೆ ಅದನ್ನ 9 ಅಂತ ಬರೀತೀವಿ. ಇದು ಅರ್ಥ ಆದರೆ ಮುಂದಿನದೆಲ್ಲ ಸುಲಭ. (11, 22 ಬಂದರೆ ಅವನ್ನ ಮಾಸ್ಟರ್ ಸಂಖ್ಯೆ ಅಂತ ಇಳಿಸದೆ ಬಿಡೋ ಪದ್ಧತಿ ಇದೆ. ಆದರೆ ಮೂವತ್ತಾರರಲ್ಲಿ ಕಳೆಯುವಾಗ, ಸವಾಲು ತೆಗೆಯುವಾಗ ಅವನ್ನೂ ಒಂದಂಕಿಗೆ ಇಳಿಸೇ ಇಳಿಸ್ತಾರೆ. ಹಾಗಾಗಿ ನಾನು ಅವನ್ನ ಇಲ್ಲಿ ಬಿಟ್ಟಿದ್ದೀನಿ.)

ನನ್ನನ್ನ ಕಾಡಿದ್ದು ಆ 36. ಅದೆಲ್ಲಿಂದ ಬಂತು? ಪುಸ್ತಕಗಳನ್ನ ನೋಡಿದರೆ ಒಂಬತ್ತು ನಾಲ್ಕಲಿ ಮೂವತ್ತಾರು, ಅದೊಂದು ಚಕ್ರ ಅನ್ನೋ ಥರದ ಮಾತು ಸಿಗುತ್ತೆ. ಅದು ಹೆಸರಾಯ್ತು, ಕಾರಣ ಆಗಲಿಲ್ಲ. ಕಾರಣ ಇರೋದು ಇದೇ ಪದ್ಧತಿಯ ಇನ್ನೊಂದು ಭಾಗದಲ್ಲಿ, ಅದಕ್ಕೆ ಪರ್ಸನಲ್ ಇಯರ್ ಅಂತಾರೆ. ಹುಟ್ಟಿದ ತಿಂಗಳು, ದಿನ, ಮತ್ತು ಈಗ ನಡೀತಿರೋ ಇಸವಿ, ಮೂರನ್ನ ಕೂಡಿ ಇಳಿಸಿದರೆ ಆ ವರ್ಷದ ಸಂಖ್ಯೆ. 1 ಬಂದರೆ ಹೊಸ ಆರಂಭ, 9 ಬಂದರೆ ಮುಗಿತಾಯ, ಆಮೇಲೆ ಮತ್ತೆ 1.

ಈಗ ಕೂಡಿ ನೋಡಿ. ಮೊದಲ ಶಿಖರ ಮುಗಿಯೋ ಇಸವಿ ಅಂದರೆ ಹುಟ್ಟಿದ ವರ್ಷಕ್ಕೆ 36 ಸೇರಿಸಿ ಲೈಫ್ ಪಾತ್ ಕಳೆದದ್ದು. ಆ ಇಸವಿಯ ಪರ್ಸನಲ್ ಇಯರ್ ತೆಗೆಯೋಕೆ ತಿಂಗಳು, ದಿನ ಸೇರಿಸಬೇಕು. ತಿಂಗಳು, ದಿನ, ಹುಟ್ಟಿದ ವರ್ಷ ಮೂರೂ ಸೇರಿದರೆ ಅದೇ ಲೈಫ್ ಪಾತ್. ಒಂದು ಲೈಫ್ ಪಾತ್ ಬಂತು, ಒಂದು ಲೈಫ್ ಪಾತ್ ಹೋಯ್ತು. ಉಳಿದದ್ದು 36. ಅದರ ಅಂಕಿಗಳನ್ನ ಕೂಡಿದರೆ 9. ಅಂದರೆ ಯಾರ ತಾರೀಖೇ ಹಾಕಿ, ಮೊದಲ ಶಿಖರ ಮುಗಿಯೋದು ಅವರ 9ನೇ ವರ್ಷದಲ್ಲಿ, ಎರಡನೇದು ಶುರುವಾಗೋದು 1ನೇ ವರ್ಷದಲ್ಲಿ. ಮುಂದಿನವು ಒಂಬತ್ತೊಂಬತ್ತು ವರ್ಷದವು, ಹಾಗಾಗಿ ಅವೂ ಅಲ್ಲೇ ಬೀಳ್ತವೆ. ಇದನ್ನ ಜೋಡಿಸಿದವರು ಯಾರೇ ಆಗಲಿ, ದೊಡ್ಡ ಗಡಿಯಾರವನ್ನ ಚಿಕ್ಕ ಗಡಿಯಾರಕ್ಕೆ ಸರಿಯಾಗಿ ಹೊಂದಿಸಿದ್ದಾರೆ. ಒಪ್ಪಬೇಕು, ಚೊಕ್ಕ ಕೆಲಸ.

ಆದರೆ 36ರ ಬದಲು 27 ಇಟ್ಟಿದ್ದರೂ ಇದೇ ಹೊಂದಾಣಿಕೆ ಬರ್ತಿತ್ತು. 45 ಇಟ್ಟಿದ್ದರೂ ಬರ್ತಿತ್ತು. ಒಂಬತ್ತರ ಯಾವ ಗುಣಿತ ಆದರೂ ಸಾಕು. 27 ಇಟ್ಟರೆ ಮೊದಲ ಶಿಖರ ಹದಿನೆಂಟರಿಂದ ಇಪ್ಪತ್ತಾರರೊಳಗೆ ಮುಗಿಯುತ್ತೆ, 36 ಇಟ್ಟರೆ ಇಪ್ಪತ್ತೇಳರಿಂದ ಮೂವತ್ತೈದರೊಳಗೆ. ಮನುಷ್ಯ ಬೆಳೆದು, ಕೆಲಸ ಹಿಡಿದು, ಒಂದು ನೆಲೆಗೆ ನಿಲ್ಲೋ ವಯಸ್ಸು ಇದು ಅಂತ ಯಾರೋ ಅಂದಾಜಿಸಿ 36 ಆರಿಸಿಕೊಂಡಂಗೆ ಕಾಣುತ್ತೆ. ಲೆಕ್ಕ ಒಂಬತ್ತರ ಗುಣಿತ ಬೇಕು ಅಂತ ಮಾತ್ರ ಹೇಳುತ್ತೆ, ಯಾವ ಗುಣಿತ ಅಂತ ಹೇಳಲ್ಲ.

ಈ "ಯಾರೋ" ಪೈಥಾಗೊರಸ್ ಆಗಿರಬಹುದಾ? ಪೈಥಾಗೊರಸ್ ಕ್ರಿ.ಪೂ. ಆರನೇ ಶತಮಾನದವನು, ಹುಟ್ಟಿದ್ದು ಸಾಮೋಸ್ ದ್ವೀಪದಲ್ಲಿ, ಪಂಥ ಕಟ್ಟಿದ್ದು ಇಟಲಿಯ ದಕ್ಷಿಣದ ಕ್ರೋಟನ್‌ನಲ್ಲಿ. ಅವನು ಬರೆದದ್ದು ಒಂದಕ್ಷರವೂ ಉಳಿದಿಲ್ಲ. ಅವನ ಅನುಯಾಯಿಗಳಿಗೆ ಸಂಖ್ಯೆಗಳ ಬಗ್ಗೆ ದೊಡ್ಡ ಭಕ್ತಿ ಇದ್ದದ್ದು ನಿಜ. ಒಂದು, ಎರಡು, ಮೂರು, ನಾಲ್ಕು ಸೇರಿ ಆಗೋ ಹತ್ತನ್ನ ಅವರು ಪೂರ್ಣ ಸಂಖ್ಯೆ ಅಂತ ಪೂಜ್ಯವಾಗಿ ಕಾಣ್ತಿದ್ದರು.

ಆದರೆ ನಮ್ಮ ಲೆಕ್ಕಕ್ಕೆ ಏನೇನು ಬೇಕು ನೋಡಿ. ಕ್ರಿಸ್ತಶಕದ ಇಸವಿ ಬೇಕು. ಕ್ರಿಸ್ತ ಹುಟ್ಟೋಕೆ ಐನೂರು ವರ್ಷ ಮುಂಚಿನ ಮನುಷ್ಯ ಅದನ್ನ ಎಲ್ಲಿಂದ ತರಬೇಕು? ಆ ಎಣಿಕೆಯನ್ನ ಜೋಡಿಸಿದ್ದು ಡಯೊನಿಸಿಯಸ್ ಎಕ್ಸಿಗಸ್ ಅನ್ನೋ ಸನ್ಯಾಸಿ, ಕ್ರಿ.ಶ. 525ರಲ್ಲಿ. ಸೆಪ್ಟೆಂಬರ್ 15 ಅನ್ನೋ ತಾರೀಖು ಬೇಕು. ನಾವು ಬಳಸೋ ಗ್ರೆಗೋರಿಯನ್ ಕ್ಯಾಲೆಂಡರ್ 1582ರದ್ದು, ಬ್ರಿಟಿಷರು ಅದನ್ನ ಒಪ್ಪಿಕೊಂಡಿದ್ದು 1752ರಲ್ಲಿ. ಆವಾಗ ಅವರು ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಅಂತ ಮಾಡಿ ಹನ್ನೊಂದು ದಿನ ಹಾರಿಸಿದರು. ಅಂದರೆ ಇಂಗ್ಲೆಂಡಿನಲ್ಲೂ ಫ್ರಾನ್ಸಿನಲ್ಲೂ ಒಂದೇ ಬೆಳಿಗ್ಗೆ ಹುಟ್ಟಿದ ಇಬ್ಬರು ಮಕ್ಕಳಿಗೆ 1750ರಲ್ಲಿ ಬೇರೆ ಬೇರೆ ಶಿಖರ ಬರ್ತಿತ್ತು. ಇನ್ನು 1860ರ ಅಂಕಿಗಳನ್ನ ಕೂಡೋಕೆ ಸ್ಥಾನಬೆಲೆಯ ದಶಮಾನ ಬರವಣಿಗೆ ಬೇಕು, ಅದು ನಮ್ಮ ದೇಶದಿಂದ ಹೋದದ್ದು. ಕೊನೆಗೆ ವಿಶ್ವೇಶ್ವರಯ್ಯನವರ ಎರಡನೇ ಸವಾಲು ನೋಡಿ, 0. ಪೈಥಾಗೊರಸನ ಕಾಲದ ಗ್ರೀಕರ ಹತ್ತಿರ ಸೊನ್ನೆ ಅನ್ನೋ ಸಂಖ್ಯೆಯೇ ಇರಲಿಲ್ಲ.

ಹಾಗಂತ ಎಲ್ಲವೂ ನಿನ್ನೆ ಮೊನ್ನೆಯದು ಅಂದರೆ ಅದೂ ತಪ್ಪಾಗುತ್ತೆ. ಮೂರನೇ ಶತಮಾನದಲ್ಲಿ ರೋಮ್‌ನಲ್ಲಿದ್ದ ಹಿಪ್ಪೊಲಿಟಸ್ ಅನ್ನೋ ಕ್ರೈಸ್ತ ಲೇಖಕ ತನಗೆ ಆಗದ ಪಂಥಗಳನ್ನೆಲ್ಲ ಬಯ್ದು ಒಂದು ದೊಡ್ಡ ಗ್ರಂಥ ಬರೆದ. ಅದರಲ್ಲಿ ಹೆಸರಿನ ಅಕ್ಷರಗಳಿಂದ ಭವಿಷ್ಯ ಹೇಳೋರ ಲೆಕ್ಕವನ್ನ ಲೇವಡಿ ಮಾಡೋಕೆ ಅಂತಲೇ ವಿವರವಾಗಿ ಕೊಟ್ಟಿದ್ದಾನೆ. ಗ್ರೀಕರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇತ್ತು: ಕೆಲವು ಒಂದರಿಂದ ಒಂಬತ್ತು, ಕೆಲವು ಹತ್ತರಿಂದ ತೊಂಬತ್ತು, ಕೆಲವು ನೂರರಿಂದ ಒಂಬೈನೂರು. ಈ ಜನ ಹತ್ತು-ನೂರುಗಳನ್ನ ಬಿಟ್ಟು ಬರೀ ಬೇರು ಅಂಕಿ ಇಟ್ಟುಕೊಂಡು ಕೂಡ್ತಿದ್ದರು. ಟ್ರಾಯ್ ಯುದ್ಧದ ಹೆಕ್ಟರ್ ಹೆಸರಿನ ಐದು ಗ್ರೀಕ್ ಅಕ್ಷರಗಳ ಬೆಲೆ 5, 20, 300, 800, 100. ಬೇರು ತೆಗೆದರೆ 5, 2, 3, 8, 1. ಕೂಡಿದರೆ 19, ಅದು 10, ಅದು 1. ಇಬ್ಬರು ಹೋರಾಡಿದರೆ ಯಾರು ಗೆಲ್ತಾರೆ ಅಂತ ಇಬ್ಬರ ಬೇರುಗಳನ್ನ ಹೋಲಿಸಿ ಹೇಳೋರು.

ಒಂಬತ್ತರ ಶೇಷದಲ್ಲಿ ಭವಿಷ್ಯ ಹುಡುಕೋ ಚಟ ಹಾಗಾದರೆ ಸಾವಿರದ ಎಂಟುನೂರು ವರ್ಷದಷ್ಟು ಹಳೆಯದು, ಇನ್ನೂ ಹಳೆಯದಿದ್ದರೂ ಇರಬಹುದು. ಆದರೆ ಅಲ್ಲಿ ಇರೋದು ಹೆಸರು. ಹುಟ್ಟಿದ ತಾರೀಖಿಲ್ಲ, ನಾಲ್ಕು ಕಾಲವಿಲ್ಲ, 36 ಇಲ್ಲ.

ಅವೆಲ್ಲ ಸೇರಿಕೊಂಡಿದ್ದು ಅಮೆರಿಕದಲ್ಲಿ, ಇಪ್ಪತ್ತನೇ ಶತಮಾನದಲ್ಲಿ. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿದ್ದ ಎಲ್. ಡೌ ಬ್ಯಾಲಿಯೆಟ್ ಅನ್ನೋ ಮಹಿಳೆ 1900ರ ನಂತರದ ದಶಕದಲ್ಲಿ ಸಂಖ್ಯೆಗಳಿಗೆ ಕಂಪನ ಇದೆ ಅಂತ ಪುಸ್ತಕ ಬರೆಯೋಕೆ ಶುರು ಮಾಡಿದರು. ವೈರ್‌ಲೆಸ್, ಎಕ್ಸ್‌ರೇ ಹೊಸದಾಗಿ ಬಂದಿದ್ದ ಕಾಲ, ಕಣ್ಣಿಗೆ ಕಾಣದ ಅಲೆ ಅಂದರೆ ಜನ ಕಿವಿ ನೆಟ್ಟಗೆ ಮಾಡ್ತಿದ್ದರು. ಮನಸ್ಸಿನ ಬಲದಿಂದ ಬದುಕು ಬದಲಾಗುತ್ತೆ ಅನ್ನೋ ನ್ಯೂ ಥಾಟ್ ಚಳವಳಿಯೂ ಆಗ ಜೋರಾಗಿತ್ತು, ಅದರ ಮುಂದಾಳುಗಳಲ್ಲಿ ಜೂಲಿಯಾ ಸೀಟನ್ ಒಬ್ಬರು. ಅವರ ಮಗಳು ಜೂನೋ ಜೋರ್ಡನ್ 1965ರಲ್ಲಿ ಪ್ರಕಟಿಸಿದ "ದ ರೊಮ್ಯಾನ್ಸ್ ಇನ್ ಯುವರ್ ನೇಮ್" ಪುಸ್ತಕದಲ್ಲಿ ಶಿಖರ-ಸವಾಲುಗಳ ಲೆಕ್ಕ ಇದೆ. ಇಂದಿನ ಆ್ಯಪ್‌ಗಳು ಓಡಿಸೋದು ಇದೇ ಪರಂಪರೆಯ ಲೆಕ್ಕವನ್ನ. ಹೆಂಗಸರು ನಡೆಸಿದ ಈ ಒಂದು ಶಾಲೆಯ ಕೆಲಸಕ್ಕೆ ಗಡ್ಡದ ಗ್ರೀಕನೊಬ್ಬನ ಹೆಸರು ಅಂಟಿಕೊಂಡಿದ್ದು ನನಗೆ ಸ್ವಲ್ಪ ಅನ್ಯಾಯ ಅಂತಲೇ ಅನ್ಸುತ್ತೆ. ನಮ್ಮಲ್ಲಿ ಹೆಸರಿನ ಸ್ಪೆಲಿಂಗ್ ಬದಲಿಸಿಕೊಳ್ಳೋರು ಹೆಚ್ಚಾಗಿ ಹಿಡಿದಿರೋದು ಕೀರೋ ಅನ್ನೋನ ಪುಸ್ತಕದ ದಾರಿಯನ್ನ. ಅದು ಬೇರೆ ಪದ್ಧತಿ, ಅದರ ತಂಟೆ ಇವತ್ತು ಬೇಡ.

ಮತ್ತೆ ವಿಶ್ವೇಶ್ವರಯ್ಯನವರ ಹತ್ತಿರ ಬರೋಣ. ಮೊದಲ ಶಿಖರ 33ನೇ ವಯಸ್ಸಿಗೆ, ಅಂದರೆ 1893ಕ್ಕೆ ಮುಗೀತು. ಎರಡನೇದು 1894ರಿಂದ 1902. ಮೂರನೇದು 1903ರಿಂದ 1911. ನಾಲ್ಕನೇದು 1912ರಿಂದ. ಇದನ್ನ ಬರೆದಿಟ್ಟು ನೋಡಿದಾಗ ನಿಜ ಹೇಳ್ತೀನಿ, ನನಗೂ ಒಂದು ಕ್ಷಣ ಮೈ ಜುಂ ಅಂತು. 1903, ಖಡಕ್‌ವಾಸ್ಲಾದ ಗೇಟುಗಳು. 1912, ಮೈಸೂರಿನ ದಿವಾನಗಿರಿ. ಎರಡೂ ಸರಿಯಾಗಿ ಗಡಿಯ ಮೇಲೆ! ಅದೂ ನಾಲ್ಕನೇ ಶಿಖರದ ಸಂಖ್ಯೆ 6, ಆರು ಅಂದರೆ ಹೊಣೆಗಾರಿಕೆ, ಇಡೀ ಸಂಸಾರವನ್ನ ಹೊರೋದು.

ಆಮೇಲೆ ಹುಟ್ಟಿದ ವರ್ಷ 1861 ಅಂತ ಬದಲಿಸಿ ಓಡಿಸಿದೆ. ಗಡಿಗಳು ಕದಲಲೇ ಇಲ್ಲ. ಅದೇ 1893, ಅದೇ 1902, ಅದೇ 1911. ಮೊದಲು ನನ್ನ ಕೋಡ್‌ನಲ್ಲೇ ತಪ್ಪಿದೆ ಅಂದುಕೊಂಡೆ. ಕಾಗದದ ಮೇಲೆ ಮಾಡಿದೆ, ಅದೇ ಬಂತು. ಯಾಕೆ ಅಂದರೆ ಹುಟ್ಟಿದ ವರ್ಷ ಒಂದು ಹೆಚ್ಚಾದರೆ ಲೈಫ್ ಪಾತ್ ಕೂಡ ಒಂದು ಹೆಚ್ಚಾಗುತ್ತೆ, ಮೂರಿದ್ದದ್ದು ನಾಲ್ಕು. ಹಾಗಾಗಿ ಶಿಖರ ಮುಗಿಯೋ ವಯಸ್ಸು ಒಂದು ಕಡಿಮೆಯಾಗುತ್ತೆ, 33 ಇದ್ದದ್ದು 32. ಒಂದು ವರ್ಷ ತಡವಾಗಿ ಹುಟ್ಟಿ, ಒಂದು ವರ್ಷ ಬೇಗ ಮುಗಿಸಿದಂಗೆ.

ಗಡಿ ಬೀಳೋದು ಪರ್ಸನಲ್ ಇಯರ್ 9ರಲ್ಲಿ, ಪರ್ಸನಲ್ ಇಯರ್‌ಗೆ ಬೇಕಾದದ್ದು ಹುಟ್ಟಿದ ದಿನ, ತಿಂಗಳು ಮಾತ್ರ. ಹುಟ್ಟಿದ ವರ್ಷಕ್ಕೆ ಅಲ್ಲಿ ಜಾಗವೇ ಇಲ್ಲ. 1858ರಿಂದ 1866ರವರೆಗೆ ಯಾವ ವರ್ಷದ ಸೆಪ್ಟೆಂಬರ್ 15ಕ್ಕೆ ಹುಟ್ಟಿದ್ದರೂ ಮೊದಲ ಶಿಖರ 1893ಕ್ಕೇ ಮುಗಿಯುತ್ತೆ. ಬರೀ ಸೆಪ್ಟೆಂಬರ್ 15 ಅಲ್ಲ, ತಿಂಗಳು ದಿನ ಕೂಡಿದರೆ 6 ಬರೋ ಎಲ್ಲಾ ತಾರೀಖುಗಳೂ ಅಷ್ಟೇ, ಅಂದರೆ ಸುಮಾರು ಒಂಬತ್ತರಲ್ಲಿ ಒಬ್ಬರು. ನಾಲ್ಕನೇ ಶಿಖರಕ್ಕೆ ಕಾಲಿಡೋ ವಯಸ್ಸಿನಲ್ಲಿ ಆ ಗುಂಪಿನಲ್ಲಿದ್ದ ಎಲ್ಲರೂ 1912ರಲ್ಲೇ ಕಾಲಿಟ್ಟರು. ದಿವಾನರಾದದ್ದು ಒಬ್ಬರೇ.

ಕಾಲ ಹಾಗೇ ಉಳಿದರೂ ಸಂಖ್ಯೆಗಳು ಮಾತ್ರ ಬದಲಾದವು. 1860 ಇಟ್ಟರೆ ಮೂರನೇ ಶಿಖರ 9, 1861 ಇಟ್ಟರೆ 1. ಒಂಬತ್ತು ಅಂದರೆ ಲೋಕಸೇವೆ, ಹಳೆಯದನ್ನ ಮುಗಿಸೋದು. ಸರಿ, ಅದೇ ಅವಧಿಯಲ್ಲಿ ಅವರು ಬಾಂಬೆ ಪ್ರಾಂತ್ಯದ ನೌಕರಿ ಬಿಟ್ಟರು, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಹೋಗಿ ನಗರ ಉಳಿಸೋ ಯೋಜನೆ ಮಾಡಿದರು. ಹೊಂದುತ್ತೆ. ಒಂದು ಅಂದರೆ ಹೊಸ ಆರಂಭ, ನಾಯಕತ್ವ. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. ಅದೂ ಹೊಂದುತ್ತೆ. ನಾಲ್ಕನೇದು 6ರ ಬದಲು 7 ಆಗುತ್ತೆ, ಏಕಾಂತ ಮತ್ತು ಅಧ್ಯಯನ. 1918ರಲ್ಲಿ ದಿವಾನಗಿರಿ ಬಿಟ್ಟರು, 1934ರಲ್ಲಿ ಯೋಜನಾಬದ್ಧ ಆರ್ಥಿಕತೆಯ ಮೇಲೆ ಪುಸ್ತಕ ತಂದರು. ಅದನ್ನೂ ಕೂರಿಸಬಹುದು. ಎರಡು ಹುಟ್ಟಿದ ವರ್ಷಗಳಲ್ಲಿ ಒಂದಂತೂ ತಪ್ಪು. ತಪ್ಪಿನ ಉತ್ತರವೂ ಸರಿಯಷ್ಟೇ ಚೆನ್ನಾಗಿ ಹೊಂದಿದರೆ, ಹೊಂದೋದು ಅನ್ನೋದಕ್ಕೆ ಏನು ತೂಕ?

ಗಡಿಯ ಮಾತಿಗೂ ಅದೇ ಗತಿ. ಗಡಿ ವರ್ಷದ ಹಿಂದಿನದು ಒಂದು, ಮುಂದಿನದು ಒಂದು, ಅಷ್ಟು ಸಡಿಲ ಬಿಟ್ಟರೆ ಒಂಬತ್ತರಲ್ಲಿ ಮೂರು ವರ್ಷ ಗಡಿಯ ಸಮೀಪವೇ ಇರ್ತವೆ. ತುಂಬಾ ಕೆಲಸ ಮಾಡಿದ ಮನುಷ್ಯನ ಬದುಕಿನಲ್ಲಿ ಮೂರರಲ್ಲಿ ಒಂದು ಘಟನೆ ಅಲ್ಲಿ ಬಿದ್ದೇ ಬೀಳುತ್ತೆ. ಬೀಳದೇ ಇದ್ದದ್ದನ್ನ ಯಾರೂ ಎತ್ತಿ ಹೇಳಲ್ಲ. ನಾನು ಎತ್ತಿ ಹೇಳ್ತೀನಿ. 1911 ಅವರ ಪರ್ಸನಲ್ ಇಯರ್ 9, ಒಂದು ಶಿಖರದ ಕಟ್ಟಕಡೆಯ ವರ್ಷ. ಪುಸ್ತಕದ ಪ್ರಕಾರ ಮುಗಿಸೋ ಕಾಲ, ಹೊಸದಕ್ಕೆ ಕೈ ಹಾಕಬಾರದು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು ಆ ವರ್ಷದ ನವೆಂಬರ್‌ನಲ್ಲಿ.

ಸವಾಲಿನ ಲೆಕ್ಕದ ಬಗ್ಗೆ ಒಂದು ಮಾತು ಬಾಕಿ ಇದೆ, ಎಂಜಿನಿಯರ್ ಆಗಿ ನನಗೆ ಇದೇ ಹೆಚ್ಚು ಚುಚ್ಚೋದು. ಕೂಡುವಾಗ ನೀವು ಮೊದಲು ಇಳಿಸಿ ಆಮೇಲೆ ಕೂಡಿ, ಅಥವಾ ಮೊದಲು ಕೂಡಿ ಆಮೇಲೆ ಇಳಿಸಿ, ಉತ್ತರ ಒಂದೇ. ಕಳೆಯುವಾಗ ಹಾಗಿಲ್ಲ. 9 ಮತ್ತು 15 ತಗೊಳ್ಳಿ. ಮೊದಲು ಇಳಿಸಿದರೆ 9 ಮತ್ತು 6, ವ್ಯತ್ಯಾಸ 3. ಇಳಿಸದೆ ಕಳೆದರೆ 15−9, ಅಂದರೆ 6. ಒಂದೇ ತಾರೀಖು, ಎರಡು ಸವಾಲು. ದಿನ-ವರ್ಷದ್ದೂ ಹಾಗೇ: ಇಳಿಸಿ ಕಳೆದರೆ 0, ಇಳಿಸದೆ 1860ರಲ್ಲಿ 15 ಕಳೆದರೆ 1845, ಅಂಕಿ ಕೂಡಿದರೆ 18, ಅಂದರೆ 9. ಕೂಡುವಾಗ 9 ಅಂದರೆ ಸೊನ್ನೆ ಇದ್ದಂಗೆ, ಯಾವುದಕ್ಕೆ ಸೇರಿಸಿದರೂ ಅದೇ ಉಳಿಯುತ್ತೆ. ಕಳೆಯುವಾಗ ಮಾತ್ರ ಅದು ನಿಜವಾದ ಒಂಬತ್ತಾಗಿ ಕೂರುತ್ತೆ. ಪುಸ್ತಕಗಳು ಮೊದಲು ಇಳಿಸಿ ಅಂತಾನೇ ಹೇಳ್ತವೆ. ಒಂದರಿಂದ ಒಂಬತ್ತರೊಳಗಿನ ಎರಡು ಸಂಖ್ಯೆಗಳ ವ್ಯತ್ಯಾಸ ಎಂಟಕ್ಕಿಂತ ಹೆಚ್ಚಾಗೋಕೆ ಸಾಧ್ಯವಿಲ್ಲ. ಹಾಗಾಗಿ ನಿಮ್ಮ ವರದಿಯಲ್ಲಿ ಸವಾಲು 9 ಅಂತ ಬಂದಿದ್ದರೆ, ಅಥವಾ ಶಿಖರ 0 ಅಂತ ಬಂದಿದ್ದರೆ, ಆ ಪದ್ಧತಿಯ ಪ್ರಕಾರವೇ ಅದು ತಪ್ಪು.

ಇನ್ನೊಂದು ತಪ್ಪು ಕಣ್ಣಿಗೆ ಬೀಳದಂತೆ ನುಸುಳುತ್ತೆ. ಆ್ಯಪ್ ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನ ಮೊದಲು ಕೇಳುತ್ತೆ, ನಾವು ದಿನ ಮೊದಲು ಹಾಕ್ತೀವಿ. ದಿನ ಹದಿಮೂರೋ ಅದಕ್ಕಿಂತ ಹೆಚ್ಚೋ ಆಗಿದ್ದರೆ ಅದು ಒಪ್ಪಲ್ಲ, ಗೊತ್ತಾಗುತ್ತೆ. ಹನ್ನೆರಡರೊಳಗಿದ್ದರೆ ಸುಮ್ಮನೆ ಒಪ್ಪಿಕೊಳ್ಳುತ್ತೆ. ಆಗ ಲೈಫ್ ಪಾತ್ ಸರಿ ಬರುತ್ತೆ, ಗಡಿ ವರ್ಷಗಳು ಸರಿ ಬರ್ತವೆ, ಮೊದಲ ಶಿಖರವೂ ಮೊದಲ ಸವಾಲೂ ಸರಿ ಇರ್ತವೆ. ಎರಡನೇದು ಮತ್ತು ನಾಲ್ಕನೇದು ಮಾತ್ರ ಅದಲು ಬದಲಾಗಿರ್ತವೆ, ಮೂರನೇ ಶಿಖರ ಕೂಡ ಬದಲಾಗಬಹುದು. ಮೇಲಿನ ಸಾಲು ತಾಳೆ ನೋಡಿದೋರಿಗೆ ಎಲ್ಲಾ ಸರಿಯಾಗೇ ಕಾಣುತ್ತೆ.

ಅಕ್ಕನ ವರದಿಯಲ್ಲಿ ಈ ಯಾವ ತಪ್ಪೂ ಇರಲಿಲ್ಲ. ಕೂಡಿದ್ದು, ಕಳೆದದ್ದು ಎಲ್ಲಾ ಸರಿ. ತಾರೀಖು ನೋಡಿ: 1 ಜೂನ್ 1986. ತಿಂಗಳು 6, ದಿನ 1, ವರ್ಷ 24 ಅಂದರೆ 6, ಲೈಫ್ ಪಾತ್ 4. ಮೊದಲ ಶಿಖರ 32ಕ್ಕೆ, 2018ರಲ್ಲಿ ಮುಗಿಯುತ್ತೆ, ಎರಡನೇದು 2027ರವರೆಗೆ. ಜೂನ್ ಒಂದು ಅಂತ ಓದಿದಾಗಲೇ ನಿಮ್ಮಲ್ಲಿ ಅರ್ಧ ಜನ ನಕ್ಕಿರ್ತೀರಿ. ನಮ್ಮ ಊರ ಕಡೆ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖದು, ಒಂದೇ ಕ್ಲಾಸಿನ ಹತ್ತು ಮಕ್ಕಳಿಗೆ ಒಂದೇ ಹುಟ್ಟುಹಬ್ಬ. ಅಕ್ಕ ವರದಿಯ ಫಾರಂ ತುಂಬುವಾಗ ಆಧಾರ್ ನೋಡಿ ಅದನ್ನೇ ಹಾಕಿದ್ದಾಳೆ. ನಮ್ಮ ಅಜ್ಜನ ಡೈರಿಯಲ್ಲಿ ಬೇರೆಯೇ ಇದೆ: 1985ರ ನವೆಂಬರ್ 19, ಮಂಗಳವಾರ.

ವಿಶ್ವೇಶ್ವರಯ್ಯನವರಲ್ಲಿ ವರ್ಷ ತಪ್ಪಿದರೂ ಗಡಿ ಕದಲಲಿಲ್ಲ. ಇಲ್ಲಿ ದಿನ, ತಿಂಗಳೇ ತಪ್ಪಿರೋದು, ಹಾಗಾಗಿ ಗಡಿಯೇ ಎದ್ದು ಹೋಗುತ್ತೆ. ನವೆಂಬರ್ 11, ಅಂದರೆ 2. ಹತ್ತೊಂಬತ್ತು 10, ಅಂದರೆ 1. ವರ್ಷ 23, ಅಂದರೆ 5. ಲೈಫ್ ಪಾತ್ 8. ಮೊದಲ ಶಿಖರ 28ಕ್ಕೆ, 2013ರಲ್ಲಿ ಮುಗೀತು. ಎರಡನೇದು 2022ಕ್ಕೆ ಮುಗೀತು. 2023ರಿಂದ ಅವಳು ಮೂರನೇ ಶಿಖರದಲ್ಲಿದ್ದಾಳೆ, ಸಂಖ್ಯೆ 9, ಹಳೆಯದನ್ನ ಬಿಡೋ ಕಾಲ. ಏಳೂ ಇಲ್ಲ, ಕಾಯೋದೂ ಇಲ್ಲ.

ಫೋನ್ ಮಾಡಿ ಇದಿಷ್ಟೂ ಹೇಳಿದೆ. 36ರ ಕಥೆ, ಹುಟ್ಟಿದ ವರ್ಷಕ್ಕೂ ಗಡಿಗೂ ಸಂಬಂಧ ಇಲ್ಲದ್ದು, 1911ರ ಕನ್ನಂಬಾಡಿ, ಎಲ್ಲಾ. ಅವಳು ಪೆನ್ನು ಹಿಡಿದು ಪಕ್ಕದಲ್ಲಿ ಲೆಕ್ಕ ಮಾಡ್ತಾನೇ ಕೇಳ್ತಿದ್ದಳು ಅನ್ಸುತ್ತೆ, ಮಧ್ಯೆ ಒಂದು ಕಡೆ ನನ್ನ ಕೂಡಿಕೆ ತಪ್ಪಿದ್ದನ್ನ ತಿದ್ದಿದಳು. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು.

"ಹಂಗಾದ್ರ ಎರಡು ವರ್ಷದಿಂದ ನಾ ಕಾಯಾಕತ್ತಿದ್ದು ಆ ಮಾಸ್ತರ್ ಬರದ ತಾರೀಖಿಗಿ?"

"ಹೂಂ ಅಕ್ಕಾ."

"ಶಾಲಿಗಿ ಒಂದು ತಿಂಗಳು ಮೊದಲ ಹೇಳಬೇಕಾಕ್ಕೈತಿ. ಅರ್ಜಿ ಇಂಗ್ಲಿಷಿನಾಗ ಬರದು ಕಳಸು, ನೀ ಛಲೋ ಬರೀತಿ."